ಮಳೆ ಬಂದಾಗ ಆಡ್ಸ್ ಯಾಕೆ ಜಿಗಿಯುತ್ತದೆ, ಬೆಟ್ ಹೇಗೆ ಸೆಟಲ್ ಆಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಕದಿನ ಮತ್ತು ಟಿ20 ಪಂದ್ಯಗಳಲ್ಲಿ ಮಳೆ ಬಂದ ಕೂಡಲೇ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಲ್ಲಿ ಆಡ್ಸ್ ಅಥವಾ ದರ ಎಂದಾಗಲೆಲ್ಲ ದಶಮಾಂಶದ ಲೆಕ್ಕ ಹಿಡಿಯಿರಿ. 2.00 ಎಂದರೆ ಗೆಲ್ಲುವ ಸಾಧ್ಯತೆ 50%, 1.25 ಎಂದರೆ 80%. ಬುಕ್ಕಿ ಇಟ್ಟುಕೊಳ್ಳುವ ಲಾಭಾಂಶವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಪಾರ್ ಸ್ಕೋರ್ ಮತ್ತು ಗುರಿ ಎರಡೂ ಒಂದೇ ಅಲ್ವಾ?

ಅಲ್ಲ. ಗುರಿ ಎಂದರೆ ಕೊನೆಯ ಓವರ್ ಮುಗಿಯುವ ಹೊತ್ತಿಗೆ ಗೆಲ್ಲಲು ಬೇಕಾದ ರನ್. ಪಾರ್ ಎಂದರೆ ಈ ಕ್ಷಣಕ್ಕೇ ಪಂದ್ಯ ನಿಂತುಹೋದರೆ ಎರಡು ತಂಡಗಳು ಸಮ ಆಗುವ ರನ್. ಅದು ಪ್ರತಿ ಎಸೆತಕ್ಕೂ ಬದಲಾಗುತ್ತದೆ. ವಿಕೆಟ್ ಬಿದ್ದರೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ.

ಪಾರ್ ಮುಟ್ಟಿದರೆ ಗೆಲುವಲ್ಲ, ಟೈ. ಗೆಲ್ಲಬೇಕಾದರೆ ಪಾರ್‌ಗಿಂತ ಒಂದು ರನ್ ಜಾಸ್ತಿ ಬೇಕು. ಇದನ್ನು ಮರೆತವರಲ್ಲಿ ಅಂತರರಾಷ್ಟ್ರೀಯ ಆಟಗಾರರೂ ಇದ್ದಾರೆ. ಆ ಕಥೆ ಟೈ ಪ್ರಶ್ನೆಯಲ್ಲಿ ಬರುತ್ತದೆ.

ಮಳೆ ಸುರಿಯುತ್ತಿದೆ, ಆಟವೇ ನಿಂತಿದೆ. ಆದರೂ ದರ ಯಾಕೆ ಓಡಾಡುತ್ತದೆ?

ಈ ಪುಟದಲ್ಲಿ ಒಂದೇ ಉತ್ತರ ಓದುವ ಹಾಗಿದ್ದರೆ ಇದನ್ನು ಓದಿ. ಆಟ ನಿಂತಾಗ ಮಾರುಕಟ್ಟೆ ಎರಡು ಬೇರೆ ಬೇರೆ ಪಂದ್ಯಗಳಿಗೆ ಒಂದೇ ದರ ಕೊಡುತ್ತಿರುತ್ತದೆ. ಒಂದು, ಮತ್ತೆ ಶುರುವಾಗುವ ಪಂದ್ಯ. ಇನ್ನೊಂದು, ಶುರುವಾಗದೇ ಮುಗಿದುಹೋಗುವ ಪಂದ್ಯ. ಎರಡನೆಯದರಲ್ಲಿ ಆಡುವುದಕ್ಕೇನೂ ಇಲ್ಲ. ಪಾರ್‌ಗಿಂತ ಮುಂದಿರುವ ತಂಡವೇ ಗೆಲ್ಲುತ್ತದೆ.

2022ರ ನವೆಂಬರ್ 2ರಂದು ಅಡಿಲೇಡ್‌ನಲ್ಲಿ ನಡೆದ ಟಿ20 ವಿಶ್ವಕಪ್ ಪಂದ್ಯ ನೋಡಿ. ಭಾರತ 184 ರನ್ ಮಾಡಿತ್ತು. ಬಾಂಗ್ಲಾದೇಶ 7 ಓವರ್‌ಗೆ ವಿಕೆಟ್ ನಷ್ಟವಿಲ್ಲದೆ 66 ಮಾಡಿದಾಗ ಮಳೆ ಬಂತು. ಲಿಟನ್ ದಾಸ್ 26 ಎಸೆತಕ್ಕೆ 59 ಹೊಡೆದು ನಿಂತಿದ್ದರು. ಆ ಹೊತ್ತಿನ ಪಾರ್ 49. ಅಂದರೆ ಬಾಂಗ್ಲಾದೇಶ 17 ರನ್ ಮುಂದೆ. ಮಳೆ ನಿಲ್ಲದಿದ್ದರೆ ಪಂದ್ಯ ಅವರದೇ.

ಈಗ ಲೆಕ್ಕ ಹಾಕೋಣ. ಶೇಕಡಾವಾರುಗಳು ನಾನು ಉದಾಹರಣೆಗೆ ಹಿಡಿದದ್ದು, ಅವತ್ತಿನ ಮಾರುಕಟ್ಟೆಯ ದರಗಳಲ್ಲ. ಆಟ ಮತ್ತೆ ಶುರುವಾದರೆ ಎರಡೂ ತಂಡಗಳಿಗೆ 50–50 ಅವಕಾಶ ಎಂದುಕೊಳ್ಳಿ. ಆಟ ಶುರುವಾಗದೇ ಹೋಗುವ ಸಾಧ್ಯತೆ 40% ಎಂದುಕೊಳ್ಳಿ. ಆ 40ರಲ್ಲಿ ಬಾಂಗ್ಲಾದೇಶಕ್ಕೆ ಪೂರ್ತಿ 40 ಸಿಗುತ್ತದೆ. ಉಳಿದ 60ರಲ್ಲಿ ಅರ್ಧ, ಅಂದರೆ 30. ಒಟ್ಟು 70%, ದರ 1.43. ಮಳೆ ಜೋರಾಗಿ ಆ 40% ಹೋಗಿ 60% ಆಯಿತು ಎನ್ನಿ. ಆಗ 60ಕ್ಕೆ 20 ಸೇರಿ 80%, ದರ 1.25. ಮೋಡ ಸರಿದು ಅಂಪೈರ್‌ಗಳು ಹೊರಗೆ ಬಂದರೆ ದರ ಮತ್ತೆ 2.00 ಕಡೆಗೆ ಬರುತ್ತದೆ.

ಇಷ್ಟೆಲ್ಲ ಆಗುವಾಗ ಒಂದು ಎಸೆತವೂ ಬಿದ್ದಿಲ್ಲ. ದರವನ್ನು ಆಡಿಸಿದ್ದು ಆಕಾಶ.

ಹಾಗಾಗಿ ಮಳೆ ವೇಳೆ 1.25ಕ್ಕೆ ಬಾಂಗ್ಲಾದೇಶದ ಮೇಲೆ ಬೆಟ್ ಹಾಕಿದವನು ಕ್ರಿಕೆಟ್ ಮೇಲೆ ಹಾಕಿಲ್ಲ, ಬಹುಪಾಲು ಹವಾಮಾನದ ಮೇಲೆ ಹಾಕಿದ್ದಾನೆ. ಮೈದಾನದಲ್ಲಿ ಕೂತವನಿಗೆ ಕವರ್ ತೆಗೆಯುವುದು ಕಣ್ಣಿಗೇ ಕಾಣುತ್ತದೆ. ಟಿವಿಯ ಚಿತ್ರ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ದರ ಬದಲಾಗಿರುತ್ತದೆ. ಸುಮ್ನೆ ಮನೆಯಲ್ಲಿ ಕೂತು ಈ ಹೊತ್ತಿನ ದರ ಅಗ್ಗ ಅಂತ ಅನ್ನಿಸಿದರೆ, ನಿಮಗೆ ಗೊತ್ತಿಲ್ಲದ ಏನೋ ಒಂದು ಬೇರೆಯವರಿಗೆ ಗೊತ್ತಿದೆ ಎಂದು ಮೊದಲು ಅನುಮಾನಪಡಿ.

ಗುರಿ ಕಡಿಮೆ ಮಾಡಿದಾಗ ಮುಂದಿದ್ದ ತಂಡದ ಮುನ್ನಡೆ ಕರಗಿಹೋಗುತ್ತದಾ?

ರನ್ ಲೆಕ್ಕದಲ್ಲಿ ಕರಗುವುದಿಲ್ಲ. ಮಳೆ ಪಂದ್ಯಗಳಲ್ಲಿ ಪಾರ್ ಮತ್ತು ಹೊಸ ಗುರಿಯನ್ನು ಲೆಕ್ಕ ಹಾಕುವ ವಿಧಾನವಾದ ಡಿಎಲ್‌ಎಸ್ ಅದನ್ನು ಹಾಗೇ ಉಳಿಸಿಕೊಡುತ್ತದೆ.

ಅಡಿಲೇಡ್‌ನಲ್ಲೇ ನೋಡಿ. 4 ಓವರ್ ಹೋಯಿತು. ಹೊಸ ಗುರಿ 16 ಓವರ್‌ಗೆ 151. ಬಾಂಗ್ಲಾದೇಶಕ್ಕೆ ಉಳಿದ 9 ಓವರ್‌ಗೆ, ಅಂದರೆ 54 ಎಸೆತಕ್ಕೆ, 85 ರನ್ ಬೇಕಾಯಿತು. ಮಳೆ ಬಂದಾಗ ಅವರು ಸರಿಯಾಗಿ ಪಾರ್‌ನಲ್ಲಿ, 49ರಲ್ಲಿ, ಇದ್ದಿದ್ದರೆ 102 ಬೇಕಾಗುತ್ತಿತ್ತು. 102ರಲ್ಲಿ 85 ಕಳೆದರೆ 17. ಆ 17 ಎಲ್ಲೂ ಹೋಗಿಲ್ಲ.

ಹಾಗಾದರೆ ಅವತ್ತು "ಮಳೆ ಬಾಂಗ್ಲಾದೇಶಕ್ಕೆ ಅನ್ಯಾಯ ಮಾಡಿತು" ಎಂಬ ಮಾತು ಯಾಕೆ ಬಂತು? ಮಳೆಗೆ ಮೊದಲು 13 ಓವರ್‌ಗೆ 119 ಬೇಕಿತ್ತು, ಓವರ್‌ಗೆ 9.15. ಮಳೆಯ ನಂತರ ಓವರ್‌ಗೆ 9.44. ರನ್‌ರೇಟ್ ಮೇಲೇರಿತು ಎಂದು ಕಾಣುತ್ತದೆ. ಆದರೆ ಹತ್ತೂ ವಿಕೆಟ್ ಕೈಯಲ್ಲಿವೆ, ಈಗ ಅವುಗಳನ್ನು ಬರೀ 9 ಓವರ್‌ಗೆ ಖರ್ಚು ಮಾಡಬಹುದು. ಆ ಅನುಕೂಲಕ್ಕೆ ಡಿಎಲ್‌ಎಸ್ ಬೆಲೆ ಕಟ್ಟಿದ್ದೇ ಆ ಚೂರು ಏರಿಕೆ.

ಬೆಟ್ ಹಾಕುವವರು ಗಮನಿಸಬೇಕಾದ ಸೂಕ್ಷ್ಮ ಬೇರೆ ಇದೆ. ಡಿಎಲ್‌ಎಸ್ ಕಾಪಾಡುವುದು ರನ್ ಅಂತರವನ್ನು, ಗೆಲ್ಲುವ ಸಾಧ್ಯತೆಯನ್ನಲ್ಲ. 13 ಓವರ್ ಉಳಿದಾಗ 17 ರನ್ ಮುನ್ನಡೆ ಇರುವುದಕ್ಕೂ 9 ಓವರ್ ಉಳಿದಾಗ ಅಷ್ಟೇ ಮುನ್ನಡೆ ಇರುವುದಕ್ಕೂ ವ್ಯತ್ಯಾಸವಿದೆ. ಓವರ್ ಕಡಿಮೆಯಾದಷ್ಟು ಎದುರಾಳಿಗೆ ಅದನ್ನು ಹಿಂದಕ್ಕೆ ಎಳೆಯಲು ಸಮಯ ಕಡಿಮೆ. ಹಾಗಾಗಿ ಲೆಕ್ಕದ ಪ್ರಕಾರ ಓವರ್ ಕಳೆದುಹೋದಷ್ಟೂ ಮುಂದಿರುವ ತಂಡಕ್ಕೆ ಸ್ವಲ್ಪ ಒಳ್ಳೆಯದು. 3 ಓವರ್ ಉಳಿಯುವಷ್ಟು ಕಡಿತವಾದರೆ ಈ ಪರಿಣಾಮ ಚೆನ್ನಾಗಿಯೇ ಕಾಣುತ್ತದೆ.

ಲೆಕ್ಕ ಅಷ್ಟೇ, ಆಟ ಬೇರೆ. ಆಟ ಶುರುವಾದ ಮೊದಲ ಓವರ್‌ನಲ್ಲೇ ಕೆ.ಎಲ್. ರಾಹುಲ್ ನೇರವಾಗಿ ವಿಕೆಟ್‌ಗೆ ಹೊಡೆದು ಲಿಟನ್ ಅವರನ್ನು 60ಕ್ಕೆ ರನ್ ಔಟ್ ಮಾಡಿದರು. ಬಾಂಗ್ಲಾದೇಶ 145ಕ್ಕೆ ನಿಂತಿತು. ಭಾರತಕ್ಕೆ 5 ರನ್ ಗೆಲುವು.

ಹಳೆಯ ಕಾಲದಲ್ಲೂ ಹೀಗೇ ಇತ್ತಾ?

ಇಲ್ಲ. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಕ್ಕೆ 22 ಬೇಕಿತ್ತು. ಮಳೆ ನಿಂತ ಮೇಲೆ 1 ಎಸೆತಕ್ಕೆ 21. ಅವತ್ತಿನ ನಿಯಮದಲ್ಲಿ ಮೊದಲು ಆಡಿದ ತಂಡದ ಅತಿ ಕಡಿಮೆ ರನ್ ಬಂದ ಓವರ್‌ಗಳನ್ನು ಕಳೆಯುತ್ತಿದ್ದರು. ಆ ತಮಾಷೆಯ ನಂತರವೇ ಫ್ರಾಂಕ್ ಡಕ್‌ವರ್ತ್ ಮತ್ತು ಟೋನಿ ಲೂಯಿಸ್ ಅವರ ವಿಧಾನಕ್ಕೆ ಬೆಲೆ ಬಂತು. 1997ರ ಜನವರಿ 1ರಂದು ಜಿಂಬಾಬ್ವೆ–ಇಂಗ್ಲೆಂಡ್ ಪಂದ್ಯದಲ್ಲಿ ಮೊದಲ ಸಲ ಬಳಸಿದರು. ಈಗ ಅದನ್ನು ನೋಡಿಕೊಳ್ಳುವ ಸ್ಟೀವನ್ ಸ್ಟರ್ನ್ ಹೆಸರು ಸೇರಿ ಡಿಎಲ್‌ಎಸ್ ಆಗಿದೆ.

ಟಿ20ಯಲ್ಲಿ ಎರಡನೇ ತಂಡ 5 ಓವರ್ ಆಡುವ ಮೊದಲೇ ಮಳೆ ಬಂದರೆ?

ಫಲಿತಾಂಶ ಬರಲು ಟಿ20ಯಲ್ಲಿ ಎರಡನೇ ತಂಡ ಕನಿಷ್ಠ 5 ಓವರ್, ಏಕದಿನದಲ್ಲಿ 20 ಓವರ್ ಆಡಿರಬೇಕು. ಕೆಲವು ಟೂರ್ನಿಗಳ ನಾಕೌಟ್‌ನಲ್ಲಿ ಇದಕ್ಕಿಂತ ಜಾಸ್ತಿ ಬೇಕು. ಅಷ್ಟು ಆಗದೆ ಪಂದ್ಯ ಕೈಬಿಟ್ಟರೆ ಫಲಿತಾಂಶವಿಲ್ಲ. ಪಂದ್ಯ ಗೆಲ್ಲುವವರ ಮೇಲಿನ ಬೆಟ್ ವಾಯ್ಡ್, ಅಂದರೆ ರದ್ದಾಗಿ, ಸ್ಟೇಕ್, ಅಂದರೆ ನೀವು ಕಟ್ಟಿದ ಹಣ, ವಾಪಸ್ ಬರುತ್ತದೆ.

ಇದು ದರವನ್ನು ಹೇಗೆ ಬದಲಿಸುತ್ತದೆ ಎನ್ನುವುದು ಸ್ವಾರಸ್ಯ. ತಂಡವೊಂದು 4 ಓವರ್‌ಗೆ 50 ಹೊಡೆದು ಪಾರ್‌ಗಿಂತ ಎಷ್ಟೋ ಮುಂದಿದೆ ಎನ್ನಿ. ಆಗ ಭಾರಿ ಮಳೆ ಬಂತು. ಇಲ್ಲಿ "ಆಟ ಶುರುವಾಗಲ್ಲ" ಎಂಬ ದಾರಿಯಲ್ಲಿ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಆ ದಾರಿ ದರದ ಲೆಕ್ಕದಿಂದಲೇ ಹೊರಗೆ ಬೀಳುತ್ತದೆ. ಹಾಗಾಗಿ ಮಳೆ ಎಷ್ಟೇ ಜೋರಾದರೂ ದರ ಅಷ್ಟಾಗಿ ಅಲುಗಾಡುವುದಿಲ್ಲ. ಅದೇ 5ನೇ ಓವರ್ ಮುಗಿದು ಮಳೆ ಬಂದರೆ ದರ ಒಮ್ಮೆಲೇ ಬೀಳುತ್ತದೆ. ಒಂದೇ ಒಂದು ಓವರ್, ಆದರೆ ವಾಪಸ್ ಬರುವ ಸ್ಟೇಕ್‌ಗೂ ಗೆಲುವಿಗೂ ನಡುವಿನ ಗೆರೆ ಅದೇ.

ಮೋಡ ಕಟ್ಟಿದಾಗ ಬೌಲಿಂಗ್ ತಂಡ 4ನೇ ಓವರ್‌ನಲ್ಲಿ ಫೀಲ್ಡ್ ಬದಲಿಸುತ್ತಾ ಕಾಲ ತಳ್ಳುವುದನ್ನು ನೋಡಿದ್ದೀರಾ? ಅವರಿಗೂ ಈ ಗೆರೆ ಗೊತ್ತು.

ಮೋಡ ಇರುವಾಗ ಒಂದು ವಿಕೆಟ್ ಬಿದ್ದರೆ ದರ ಯಾಕೆ ಮಾಮೂಲಿಗಿಂತ ಜಾಸ್ತಿ ಜಿಗಿಯುತ್ತದೆ?

ವಿಕೆಟ್ ಬಿದ್ದರೆ ಎರಡು ಪೆಟ್ಟು. ಆಟದಲ್ಲಿ ಹಿನ್ನಡೆ ಒಂದು, ಪಾರ್ ಮೇಲೇರುವುದು ಇನ್ನೊಂದು. ಎಷ್ಟು ಏರುತ್ತದೆ ಎಂದು ಪ್ರಕಟಿತ ಹಳೆಯ ಕೋಷ್ಟಕದಿಂದ ತೋರಿಸುತ್ತೇನೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕಂಪ್ಯೂಟರ್ ಆವೃತ್ತಿ ಬಳಸುತ್ತಾರೆ. ಅದರ ಅಂಕಿ ಕೊಂಚ ಬೇರೆ ಬರುತ್ತದೆ, ರೀತಿ ಇದೇ.

ಏಕದಿನ ಪಂದ್ಯ. ಮೊದಲ ತಂಡ 50 ಓವರ್‌ಗೆ 250. ಎರಡನೇ ತಂಡ 30 ಓವರ್ ಆಡಿದೆ, 20 ಉಳಿದಿದೆ. ಉಳಿದ ಓವರ್ ಮತ್ತು ವಿಕೆಟ್ ಎರಡನ್ನೂ ಸೇರಿಸಿ ಅಳೆದದ್ದನ್ನು ಡಿಎಲ್‌ಎಸ್ ಸಂಪನ್ಮೂಲ ಎನ್ನುತ್ತದೆ. 2 ವಿಕೆಟ್ ಹೋಗಿದ್ದರೆ ಅವರ ಬಳಿ ಇನ್ನೂ 52.4% ಸಂಪನ್ಮೂಲ ಉಳಿದಿದೆ, 47.6% ಖರ್ಚಾಗಿದೆ. 250ರ 47.6% ಎಂದರೆ ಪಾರ್ 119. ಇನ್ನೊಂದು ವಿಕೆಟ್ ಬಿದ್ದರೆ ಪಾರ್ 127. ನಾಲ್ಕನೆಯದು ಬಿದ್ದರೆ 138. ಐದನೆಯದಕ್ಕೆ 153.

ಅಂದರೆ 2 ವಿಕೆಟ್‌ಗೆ 125 ಇದ್ದ ತಂಡ 6 ರನ್ ಮುಂದಿತ್ತು. ಮುಂದಿನ ಎಸೆತಕ್ಕೆ ಒಂದು ಕ್ಯಾಚ್ ಹೋದರೆ ಅದೇ ತಂಡ 2 ರನ್ ಹಿಂದೆ. ಅದರ ಬೆನ್ನಿಗೇ ಮಳೆ ಬಂದು ನಿಲ್ಲದಿದ್ದರೆ ಗೆದ್ದ ಪಂದ್ಯ ಸೋತಂತೆ. ಬಿಸಿಲಿನ ದಿನ ಇದೇ ವಿಕೆಟ್ ದರವನ್ನು ಚೂರು ಸರಿಸುತ್ತಿತ್ತು. ಮಳೆ ಐದು ನಿಮಿಷ ದೂರ ಇದ್ದಾಗ ಅದು ಫೇವರಿಟ್ ಯಾರು ಎನ್ನುವುದನ್ನೇ ಬದಲಿಸುತ್ತದೆ.

ಇನ್ನೊಂದು ಗಮನಿಸಿ. 2ರಿಂದ 3ಕ್ಕೆ ಏರಿಕೆ 8 ರನ್, 4ರಿಂದ 5ಕ್ಕೆ 15. ಎಲ್ಲ ವಿಕೆಟ್‌ಗೂ ಒಂದೇ ಬೆಲೆ ಇಲ್ಲ.

ಮೊದಲ ಇನಿಂಗ್ಸ್‌ನಲ್ಲೇ ಮಳೆ ಬಂದರೆ ಗುರಿ ಯಾಕೆ ಹೆಚ್ಚಾಗುತ್ತದೆ?

50 ಓವರ್ ಇದೆ ಎಂದು ವಿಕೆಟ್ ಉಳಿಸಿಕೊಂಡು ಆಡಿದ ತಂಡಕ್ಕೆ ಮಧ್ಯದಲ್ಲಿ "ಸಾಕು, ಮುಗೀತು" ಎಂದರೆ ಮೋಸ ಅಲ್ವಾ? ಅದಕ್ಕೆ ಪರಿಹಾರ ಇದು.

ಮೊದಲ ತಂಡ 40 ಓವರ್‌ಗೆ 3 ವಿಕೆಟ್‌ಗೆ 200 ಮಾಡಿದಾಗ ಮಳೆ ಬಂದು ಇನಿಂಗ್ಸ್ ಅಲ್ಲಿಗೇ ಮುಗಿಯಿತು ಎನ್ನಿ. ಎರಡನೇ ತಂಡಕ್ಕೂ 40 ಓವರ್. ಹಳೆಯ ಕೋಷ್ಟಕದ ಪ್ರಕಾರ ಮೊದಲ ತಂಡಕ್ಕೆ ಸಿಕ್ಕಿದ್ದು 70.2% ಸಂಪನ್ಮೂಲ. ಎರಡನೇ ತಂಡಕ್ಕೆ 40 ಓವರ್ ಎಂದು ಮೊದಲೇ ಗೊತ್ತು, ಹತ್ತೂ ವಿಕೆಟ್ ಇದೆ, ಅವರಿಗೆ 89.3%. ಹೆಚ್ಚುವರಿ 19.1 ಅಂಶಕ್ಕೆ ಸರಾಸರಿ ಸ್ಕೋರ್ 245ರ ಲೆಕ್ಕದಲ್ಲಿ 46.8 ರನ್ ಸೇರಿ 246.8 ಆಗುತ್ತದೆ. ಗುರಿ 201 ಅಲ್ಲ, 247.

ಮಳೆ ವೇಳೆ "40 ಓವರ್‌ಗೆ 201 ಸುಲಭ" ಎಂದು ಚೇಸ್ ಮಾಡುವ ತಂಡದ ಮೇಲೆ ಹಾಕಿದವರಿಗೆ ಗುರಿ ಪ್ರಕಟವಾದಾಗ ತಲೆ ತಿರುಗುತ್ತದೆ. ದರ ತಪ್ಪಿರಲಿಲ್ಲ. ಮಾರುಕಟ್ಟೆ ಆಗಲೇ 247ರ ಆಸುಪಾಸು ಲೆಕ್ಕ ಹಾಕಿಯಾಗಿತ್ತು.

ಇನಿಂಗ್ಸ್ ರನ್ ಮೇಲೆ ಬೆಟ್ ಹಾಕಿದ್ದೆ. ಓವರ್ ಕಡಿತವಾಯಿತು. ನನ್ನ ಬೆಟ್ ಗತಿ?

ಪಂದ್ಯ ಗೆಲ್ಲುವವರ ಬೆಟ್‌ಗೂ ಇದಕ್ಕೂ ಹೋಲಿಕೆಯಿಲ್ಲ. ಗೆಲುವಿನ ಬೆಟ್ ಅಧಿಕೃತ ಫಲಿತಾಂಶಕ್ಕೆ ಅಂಟಿಕೊಂಡಿರುತ್ತದೆ. ಗುರಿ ಎಷ್ಟು ಸಲ ಬದಲಾದರೂ ಅದು ಜೀವಂತ. ರನ್ ಬೆಟ್ ಓವರ್‌ಗಳ ಸಂಖ್ಯೆಗೆ ಅಂಟಿಕೊಂಡಿರುತ್ತದೆ.

ಹಲವು ಕಡೆ ಕಾಣುವ ನಿಯಮ ಇದು. ಬೆಟ್ ಹಾಕಿದಾಗ ನಿಗದಿಯಾಗಿದ್ದ ಓವರ್‌ಗಳಲ್ಲಿ ಕನಿಷ್ಠ 80% ಆಗಿರಬೇಕು. ಇಲ್ಲದಿದ್ದರೆ ವಾಯ್ಡ್. ಬೇರೆ ಕಡೆ ಇನ್ನೂ ಬಿಗಿ, ಕೆಲವೇ ಓವರ್ ಹೋದರೂ ವಾಯ್ಡ್. ಆದರೆ ಮಳೆಗೆ ಮೊದಲೇ ಬೆಟ್ ತೀರ್ಮಾನವಾಗಿದ್ದರೆ ಅದು ನಿಲ್ಲುತ್ತದೆ. 280.5ಕ್ಕಿಂತ ಹೆಚ್ಚು ಎಂದು ಹಾಕಿದ್ದಿರಿ, 38ನೇ ಓವರ್‌ಗೇ 281 ಆಯಿತು. ಆಮೇಲೆ ಮಳೆ ಬಂದರೆ ನಿಮ್ಮ ಗೆಲುವಿಗೆ ಧಕ್ಕೆಯಿಲ್ಲ.

"ಬೆಟ್ ಹಾಕಿದಾಗ" ಎಂಬ ಪದವನ್ನು ಎರಡು ಸಲ ಓದಿ. 50 ಓವರ್ ಇದ್ದಾಗ ಹಾಕಿದ ಬೆಟ್‌ಗೆ 40 ಓವರ್ ಬೇಕು. ಪಂದ್ಯ 35 ಓವರ್‌ಗೆ ಇಳಿದ ಮೇಲೆ ಹಾಕಿದ ಬೆಟ್‌ಗೆ 28 ಸಾಕು. ಪಂದ್ಯ 35 ಓವರ್ ಪೂರ್ತಿ ನಡೆದರೆ ಮೊದಲ ಬೆಟ್ ವಾಯ್ಡ್, ಎರಡನೆಯದು ಸೆಟಲ್. ಒಂದೇ ಪಂದ್ಯ, ಒಂದೇ ಮಾರುಕಟ್ಟೆ, ನಿಮ್ಮ ಖಾತೆಯಲ್ಲೇ ಎರಡು ತೀರ್ಪು. "ಅವನಿಗೆ ದುಡ್ಡು ಬಂತು, ನನಗೆ ಯಾಕಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ.

ಮೊದಲ 6 ಓವರ್, ಟಾಪ್ ಬ್ಯಾಟರ್, ಆಟಗಾರನ ರನ್ ಇವಕ್ಕೆ?

ಮೊದಲ 6 ಓವರ್ ಬೆಟ್‌ಗೆ ಸಾಮಾನ್ಯವಾಗಿ 6 ಓವರ್ ಪೂರ್ತಿ ಆಗಬೇಕು, ಇಲ್ಲವೇ ಗೆರೆ ಮೊದಲೇ ದಾಟಿರಬೇಕು. ಪವರ್‌ಪ್ಲೇ ಎಂದು ಹೆಸರಿದ್ದರೆ ಎಚ್ಚರ. ಓವರ್ ಕಡಿತವಾದಾಗ ಪವರ್‌ಪ್ಲೇ ಕೂಡ ಕುಗ್ಗುತ್ತದೆ, ಆಗ ಆ ಬೆಟ್ ಯಾವುದಕ್ಕೆ ಎನ್ನುವುದನ್ನು ನಿಯಮದಲ್ಲಿ ನೋಡಬೇಕು. ಆಟಗಾರ ಔಟಾಗಿದ್ದರೆ ಅವನ ರನ್ ಬೆಟ್ ತೀರ್ಮಾನವಾದಂತೆ. ನಾಟ್ ಔಟ್ ಇದ್ದಾಗ ಓವರ್ ಕಡಿತವಾದರೆ ಹಲವು ಕಡೆ ವಾಯ್ಡ್. ಟಾಪ್ ಬ್ಯಾಟರ್‌ಗೆ ಕನಿಷ್ಠ ಓವರ್ ಷರತ್ತು ಇರುತ್ತದೆ, ಅದು ಒಂದೊಂದು ಕಡೆ ಒಂದೊಂದು.

ಚೇಸ್ ಮಾಡಿದ ತಂಡ ಗೆದ್ದಿತು. "ವಿಕೆಟ್‌ಗಳಿಂದ ಗೆಲುವು" ಎಂದು ಹಾಕಿದ್ದೆ. ಸೋತೆ ಎನ್ನುತ್ತಾರಲ್ಲ?

ಸರಿಯಾಗಿಯೇ ಹೇಳಿದ್ದಾರೆ. ಗುರಿ ಮುಟ್ಟದೆ, ಪಾರ್‌ಗಿಂತ ಮುಂದಿದ್ದ ಕಾರಣಕ್ಕೆ ಗೆದ್ದರೆ ಅಂತರವನ್ನು ರನ್‌ಗಳಲ್ಲೇ ಬರೆಯುತ್ತಾರೆ. ಅಡಿಲೇಡ್‌ನಲ್ಲಿ ಮಳೆ ನಿಲ್ಲದೇ ಇದ್ದಿದ್ದರೆ ಹತ್ತೂ ವಿಕೆಟ್ ಉಳಿಸಿಕೊಂಡಿದ್ದ ಬಾಂಗ್ಲಾದೇಶ ಗೆಲ್ಲುತ್ತಿದ್ದದ್ದು 17 ರನ್‌ಗಳಿಂದ. 2023ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್‌ನ 401ಕ್ಕೆ ಉತ್ತರವಾಗಿ ಪಾಕಿಸ್ತಾನ 25.3 ಓವರ್‌ಗೆ 1 ವಿಕೆಟ್‌ಗೆ 200 ಮಾಡಿ ಗೆದ್ದದ್ದೂ ಹೀಗೇ, 21 ರನ್‌ಗಳಿಂದ.

ಮೀಸಲು ದಿನಕ್ಕೆ ಹೋದರೆ ಬೆಟ್ ವಾಯ್ಡ್ ಆಗುತ್ತದಾ?

ಟೂರ್ನಿಯ ನಿಯಮದಲ್ಲೇ ಮೀಸಲು ದಿನ ಇದ್ದರೆ ಸಾಮಾನ್ಯವಾಗಿ ಗೆಲುವಿನ ಬೆಟ್ ನಿಲ್ಲುತ್ತದೆ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಭಾರತದ ಎದುರು 46.1 ಓವರ್‌ಗೆ ನಿಂತು, ಮರುದಿನ ಅಲ್ಲಿಂದಲೇ ಮುಂದುವರಿಯಿತು. ಓವರ್ ಕಡಿತವೇ ಇಲ್ಲ, ಹಾಗಾಗಿ ಡಿಎಲ್‌ಎಸ್ ಮಾತೂ ಇಲ್ಲ. ಮೀಸಲು ದಿನ ಇದೆಯೆಂದರೆ "ಆಟ ಶುರುವಾಗಲ್ಲ" ಎಂಬ ದಾರಿ ಕಿರಿದಾಗುತ್ತದೆ. ಮುಂದಿರುವ ತಂಡದ ದರ ಮಳೆಗೆ ಅಷ್ಟಾಗಿ ಬೀಳದಿರಲು ಕಾರಣ ಇದೇ.

ಎಕ್ಸ್‌ಚೇಂಜ್‌ನಲ್ಲಿ ಮ್ಯಾಚ್ ಆಗದ ಬೆಟ್ ಬಿಟ್ಟು ಟೀ ಕುಡಿಯಲು ಹೋಗಬಹುದಾ?

ಬೇಡ. ಎಕ್ಸ್‌ಚೇಂಜ್‌ನಲ್ಲಿ ಬೆಟ್ ಹಾಕುವವರೇ ಪರಸ್ಪರ ದರ ಇಟ್ಟು, ಎದುರಿಗೊಬ್ಬ ಒಪ್ಪಿದಾಗ ಬೆಟ್ ಮ್ಯಾಚ್ ಆಗುತ್ತದೆ. ಮಳೆಗೆ ಮೊದಲು 2.00ಕ್ಕೆ ಇಟ್ಟ ಆರ್ಡರ್ ಮಳೆ ಬಂದ ಮೇಲೆ ಹಳಸಿದ ದರ. ನಿಮಗೆ ಲಾಭ ಆಗುವಂತಿದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ. ನಷ್ಟ ಆಗುವಂತಿದ್ದರೆ ಮಾತ್ರ ಕ್ಷಣದಲ್ಲಿ ಮ್ಯಾಚ್ ಆಗುತ್ತದೆ. ಹೊಸ ಗುರಿ ಪ್ರಕಟವಾಗುವ ಹೊತ್ತಿನಲ್ಲೂ ಹೀಗೇ. ಆಟಗಾರರು ಮೈದಾನ ಬಿಟ್ಟರೆ ಮೊದಲು ಆರ್ಡರ್ ತೆಗೆಯಿರಿ.

ಡಿಎಲ್‌ಎಸ್‌ನಲ್ಲಿ ಟೈ ಆದರೆ?

ಸೂಪರ್ ಓವರ್ ನಡೆದರೆ ಹಲವು ಕಡೆ ಅದರ ವಿಜೇತರಿಗೆ ಸೆಟಲ್ ಮಾಡುತ್ತಾರೆ. ನಡೆಯದಿದ್ದರೆ ಕೆಲವು ಕಡೆ ವಾಯ್ಡ್, ಕೆಲವು ಕಡೆ ಡೆಡ್ ಹೀಟ್. ಡೆಡ್ ಹೀಟ್ ಎಂದರೆ ನಿಮ್ಮ ಸ್ಟೇಕ್‌ನ ಅರ್ಧ ಗೆದ್ದಂತೆ, ಅರ್ಧ ಸೋತಂತೆ. 1.80ಕ್ಕೆ 100 ಇಟ್ಟಿದ್ದರೆ 50ಕ್ಕೆ 1.80, ಕೈಗೆ ಬರುವುದು 90. ಅಂದರೆ 2.00ಕ್ಕಿಂತ ಕಡಿಮೆ ದರಕ್ಕೆ ಹಾಕಿದವನಿಗೆ ಟೈ ಎಂದರೆ ನಷ್ಟವೇ.

2003ರ ಮಾರ್ಚ್ 3, ಡರ್ಬನ್, ವಿಶ್ವಕಪ್ ಪಂದ್ಯ. ಶ್ರೀಲಂಕಾದ 268ರ ಎದುರು ದಕ್ಷಿಣ ಆಫ್ರಿಕಾ ಮಳೆಯಲ್ಲೇ ಚೇಸ್ ಮಾಡುತ್ತಿತ್ತು. 45ನೇ ಓವರ್ ಮುಗಿಯುವ ಹೊತ್ತಿಗೆ 229 ಬೇಕು ಎಂಬ ಸಂದೇಶ ಮಾರ್ಕ್ ಬೌಚರ್ ಅವರಿಗೆ ಹೋಗಿತ್ತು. ಮುರಳೀಧರನ್ ಅವರ ಐದನೇ ಎಸೆತವನ್ನು ಸಿಕ್ಸರ್‌ಗೆ ಎತ್ತಿದರು. ಸ್ಕೋರ್ 229. ಕೊನೆಯ ಎಸೆತವನ್ನು ಸುಮ್ನೆ ತಡೆದು ನಿಲ್ಲಿಸಿದರು, ರನ್ ಓಡಲಿಲ್ಲ. ಮಳೆ ಜೋರಾಯಿತು, ಆಟ ಮತ್ತೆ ಶುರುವಾಗಲಿಲ್ಲ. 229 ಗೆಲ್ಲುವ ಸ್ಕೋರ್ ಆಗಿರಲಿಲ್ಲ, ಪಾರ್ ಆಗಿತ್ತು. ಪಂದ್ಯ ಟೈ, ಆತಿಥೇಯರು ಟೂರ್ನಿಯಿಂದ ಹೊರಗೆ.